ಮೈಸೂರಿನ 3ಡಿ ನೋಟ: ಎಲ್ಲಾ ಕಟ್ಟಡಗಳೂ ಒಂದೇ ಎತ್ತರ ಬರುತ್ತಿವೆ, ಅರಮನೆಯೂ ಸೇರಿ

ಸಹನಾ_ಮೈಸೂರು

ಎಲ್ಲರಿಗೂ ನಮಸ್ಕಾರ. ಅರಮನೆ, ದೊಡ್ಡ ಗಡಿಯಾರ, ದೇವರಾಜ ಮಾರುಕಟ್ಟೆ, ಅಶೋಕ ರಸ್ತೆಯ ಫಿಲೋಮಿನಾ ಚರ್ಚು, ಇಷ್ಟು ಬರುವ ಹಾಗೆ ಒಂದು ಸರಳ 3ಡಿ ನೋಟ ಮಾಡುತ್ತಿದ್ದೇನೆ. ಪಾರಂಪರಿಕ ನಡಿಗೆಗೆ ಬರುವವರಿಗೆ ಫೋನಿನಲ್ಲಿ ತೋರಿಸುವುದಕ್ಕೆ. ಬ್ರೌಸರಿನಲ್ಲಿ ಮ್ಯಾಪ್‌ಲಿಬ್ರೆ, ಕೆಳಗೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಆದ ಓಪನ್‌ಮ್ಯಾಪ್‌ಟೈಲ್ಸ್ ಟೈಲುಗಳು. ಎತ್ತರಕ್ಕೆ `render_height` ಕೊಟ್ಟಿದ್ದೇನೆ.

ಕಟ್ಟಡಗಳು ಎದ್ದು ನಿಂತವು, ಖುಷಿಯಾಯಿತು. ಆದರೆ ನೋಡಿದರೆ ಬಹುಪಾಲು ಎಲ್ಲಾ ಒಂದೇ ಎತ್ತರ. ಮೂರು ಮಹಡಿಯ ಲಾಡ್ಜೂ ಅಷ್ಟೇ, ಪಕ್ಕದ ಹೆಂಚಿನ ಮನೆಯೂ ಅಷ್ಟೇ. ಅಲ್ಲೊಂದು ಇಲ್ಲೊಂದು ಮಾತ್ರ ಬೇರೆ. ಇದು ಸ್ಟೈಲಿನ ತಪ್ಪಾ, ಡೇಟಾದ ತಪ್ಪಾ?

ಗುರು_ಗ್ರಾಫಿಕ್ಸ್

ಸಿಂಪಲ್ ಮೇಡಂ. ಟೈಲಿನ ಎತ್ತರ ನಂಬಬೇಡಿ. ಮಹಡಿ ಎಷ್ಟು ಅಂತ ನೋಡಿ, ಮೂರರಿಂದ ಗುಣಿಸಿ. ಜಿ+2 ಇದ್ದರೆ 2 × 3 = 6 ಮೀಟರ್. ನಾನು ಎಲ್ಲಾ ಪ್ರಾಜೆಕ್ಟಿಗೂ ಹೀಗೇ ಮಾಡುವುದು. ಅರಮನೆಗೆ ಮಾತ್ರ ನೇರವಾಗಿ 145 ಹಾಕಿಬಿಡಿ, ಎಲ್ಲಾ ಕಡೆ ಅದೇ ಬರೆದಿದ್ದಾರೆ.

ನಕ್ಷೆ_ಶಶಿ

ಸಹನಾ, ಒಂದು ಕಟ್ಟಡದ ಮೇಲೆ ಕ್ಲಿಕ್ ಮಾಡಿ ಅದರ ಗುಣಗಳನ್ನು ನೋಡಿ. `render_height` 5 ಅಂತ ಇರುತ್ತದೆ, ಪಕ್ಕದ್ದಕ್ಕೂ 5. ಅದು ಯಾರೂ ಅಳೆದದ್ದಲ್ಲ. ಆ ಟೈಲು ತಯಾರಾಗುವಾಗ ಮೊದಲು `height` ಇದೆಯಾ ಅಂತ ನೋಡುತ್ತಾರೆ. ಇಲ್ಲದಿದ್ದರೆ `building:levels` ತೆಗೆದುಕೊಂಡು ಮಹಡಿಗೆ 3.66 ಮೀಟರಿನಂತೆ ಗುಣಿಸುತ್ತಾರೆ. ಅದೂ ಇಲ್ಲದಿದ್ದರೆ ಸುಮ್ನೆ 5 ತುಂಬುತ್ತಾರೆ. ಅಂದರೆ ನಿಮಗೆ ಕಾಣುತ್ತಿರುವುದು ಮೈಸೂರಿನ ಎತ್ತರವಲ್ಲ, ಮಾಹಿತಿಯ ಖಾಲಿ ಜಾಗ. ನಿಮ್ಮ ಸ್ಟೈಲು ಸರಿಯಾಗಿದೆ.

ತೊಂದರೆ ಏನೆಂದರೆ ಟೈಲಿನೊಳಗೆ ಬಂದಮೇಲೆ ಯಾವುದು ನಿಜ, ಯಾವುದು ತುಂಬಿದ್ದು ಅಂತ ಗೊತ್ತಾಗುವುದಿಲ್ಲ. ನಿಜವಾಗಿ 5 ಮೀಟರ್ ಇರುವ ಮನೆಗೂ 5, ಗೊತ್ತಿಲ್ಲದ ಲಾಡ್ಜಿಗೂ 5. ಹಾಗಾಗಿ ಮೂಲ ಡೇಟಾ ತೆಗೆಯಿರಿ. ಓವರ್‌ಪಾಸ್ ಟರ್ಬೊದಲ್ಲಿ ಇದನ್ನು ಹಾಕಿ:

```
[out:json][timeout:60];
nwr["building"](12.298,76.645,12.325,76.665);
out geom;
```

`way` ಅಂತ ಮಾತ್ರ ಹಾಕಬೇಡಿ. ನಡುವೆ ತೊಟ್ಟಿ ಇರುವ ಕಟ್ಟಡಗಳು ರಿಲೇಶನ್ ಆಗಿ ಇರುತ್ತವೆ, `way` ಅಂತ ಕೇಳಿದರೆ ಅವು ಬಿಟ್ಟುಹೋಗುತ್ತವೆ. ಮೈಸೂರಿನಂಥ ಊರಲ್ಲಿ ಬಿಟ್ಟುಹೋಗುವುದು ನಿಮಗೆ ಬೇಕಾದವೇ.

ಗುರು ಅವರೇ, ನಿಮ್ಮ ದಾರಿ ಸರಿ, ಲೆಕ್ಕ ತಪ್ಪು. ಜಿ+2 ಅಂದರೆ ನೆಲಮಹಡಿಯೂ ಸೇರಿ ಮೂರು. `building:levels` ನೆಲಮಹಡಿಯನ್ನೂ ಎಣಿಸುತ್ತದೆ, ಅಲ್ಲಿ 3 ಅಂತಲೇ ಬರೆಯಬೇಕು. ನಮ್ಮ ಕಡೆ ನಕ್ಷೆಗೆ ಮಹಡಿ ಸೇರಿಸುವವರು ಜಿ+2 ಅಂತ ಯೋಚಿಸಿ 2 ಅಂತ ಬರೆದುಬಿಡುತ್ತಾರೆ. ಆಮೇಲೆ ಊರೇ ಒಂದು ಮಹಡಿ ಕುಳ್ಳಗಾಗುತ್ತದೆ.

ಇನ್ನು ಅರಮನೆಯ 145 ಅಡಿಗಳ ಲೆಕ್ಕ, ಮೀಟರಲ್ಲ. ಅದೂ ನಡುವಿನ ಗೋಪುರದ ತುದಿಗೆ.

ಗುರು_ಗ್ರಾಫಿಕ್ಸ್

ಓ, ಅಡಿಯಾ! 44 ಮೀಟರ್ ಆಯಿತು ಹಾಗಾದರೆ. ಸರಿ, ಒಪ್ಪಿದೆ. ಆದರೆ ನೆಲಮಹಡಿಯದು ಅಷ್ಟು ದೊಡ್ಡ ವಿಷಯವಾ? ನೋಡುವವರಿಗೆ ಗೊತ್ತೇ ಆಗುವುದಿಲ್ಲ.

ಫಣಿ_ಸಿವಿಲ್

ಇಲ್ಲಿ ಯಾರೋ ಎತ್ತರ ಕೇಳುತ್ತಿದ್ದಾರೆ ಅಂತ ಬಂದೆ. ಪಾರಂಪರಿಕ ಪ್ರದೇಶದಲ್ಲಿ ಹೊಸ ಮಹಡಿ ಎತ್ತುವುದಕ್ಕೆ ಅನುಮತಿ ಬೇರೆ ಇರುತ್ತದೆ, ಮೊದಲು ಪಾಲಿಕೆಯಲ್ಲಿ ವಿಚಾರಿಸಿ. ಎಷ್ಟಡಿ ರಸ್ತೆ ನಿಮ್ಮದು?

ಸಹನಾ_ಮೈಸೂರು

ಇಲ್ಲ ಸರ್, ಮನೆ ಕಟ್ಟುತ್ತಿಲ್ಲ. ಕಂಪ್ಯೂಟರಿನ ನಕ್ಷೆಯಲ್ಲಿ ಈಗಾಗಲೇ ಇರುವ ಕಟ್ಟಡಗಳನ್ನು ಎಬ್ಬಿಸುತ್ತಿದ್ದೇನೆ 🙂

ಫಣಿ_ಸಿವಿಲ್

ಹಾಗಾ. ಸರಿ, ಹಾಗಿದ್ದರೂ ನನ್ನ ಕೆಲಸದ್ದೇ ವಿಷಯ. ಎತ್ತರ ಬೇಕಾದರೆ ಟೇಪ್ ಹಿಡಿದು ಟೆರೇಸಿಗೆ ಹತ್ತಬೇಕಿಲ್ಲ. ಮೆಟ್ಟಿಲು ಎಣಿಸಿ. ಮನೆಗಳಲ್ಲಿ ಒಂದು ಮೆಟ್ಟಿಲು 6ರಿಂದ 7 ಇಂಚು. 7 ಇಂಚಿನ 18 ಮೆಟ್ಟಿಲು ಅಂದರೆ 126 ಇಂಚು, ಹತ್ತೂವರೆ ಅಡಿ. ಅದು ಒಂದು ನೆಲದಿಂದ ಮುಂದಿನ ನೆಲಕ್ಕೆ, ಸ್ಲ್ಯಾಬ್ ದಪ್ಪವೂ ಸೇರಿ. ಮೀಟರಿನಲ್ಲಿ 3.2.

ಗುರು ಅವರು ಜಿ+2 ಮನೆಗೆ 6 ಮೀಟರ್ ಅಂದರು. ಲೆಕ್ಕ ಹಾಕಿ ನೋಡೋಣ. ಮೂರು ಮಹಡಿ, ತಲಾ 3.2, ಒಟ್ಟು 9.6. ಪ್ಲಿಂತ್ ಎರಡು ಅಡಿ, ಅದು 0.6. ಮೇಲೆ ಪ್ಯಾರಪೆಟ್ ಮೂರು ಅಡಿ, ಅದು 0.9. ಒಟ್ಟು 11.1 ಮೀಟರ್. ನಿಮ್ಮ 6 ಎಲ್ಲಿ, ಇದು ಎಲ್ಲಿ! ನೋಡುವವರಿಗೆ ಗೊತ್ತಾಗುವುದಿಲ್ಲ ಅನ್ನುತ್ತೀರಿ, ಅರ್ಧ ಮನೆಯೇ ಕಾಣೆಯಾಗಿದೆ.

ಟೆರೇಸಿನ ಮೇಲಿನ ಮೆಟ್ಟಿಲ ಕೋಣೆ, ಸಿಂಟೆಕ್ಸ್ ಟ್ಯಾಂಕು ಇದರಲ್ಲಿ ಸೇರಿಸಿಲ್ಲ.

ನಕ್ಷೆ_ಶಶಿ

ಫಣಿ ಸರ್ ಹೇಳಿದ್ದರಲ್ಲಿ ಒಂದು ಒಳ್ಳೆ ವಿಷಯ ಇದೆ. ಮಹಡಿಗೆ ತಕ್ಕಂತೆ ಬೆಳೆಯುವ ಭಾಗ ಬೇರೆ, ಒಂದೇ ಸಲ ಬರುವ ಭಾಗ ಬೇರೆ. ಪ್ಲಿಂತು, ಪ್ಯಾರಪೆಟ್ಟು ಹತ್ತು ಮಹಡಿಗೂ ಒಂದೇ ಸಲ. ಹಾಗಾಗಿ ಸೂತ್ರ ಮಹಡಿ × 3.2 + 1.5 ಅಂತ ಇರಲಿ.

ಟೈಲಿನ 3.66 ಯಾಕೆ ಅಷ್ಟೇನೂ ಕೆಟ್ಟದಾಗಿ ಕಾಣುವುದಿಲ್ಲ ಅನ್ನುವುದೂ ಇದರಿಂದಲೇ ಗೊತ್ತಾಗುತ್ತದೆ. ಮೂರು ಮಹಡಿಗೆ 3.66ರಂತೆ ಸುಮಾರು 11, ಫಣಿ ಸರ್ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಹತ್ತು ಮಹಡಿಯ ಅಪಾರ್ಟ್‌ಮೆಂಟಿಗೆ 36.6 ಬರುತ್ತದೆ, ಸೂತ್ರದ ಪ್ರಕಾರ 33.5. ಒಂದು ಪೂರ್ತಿ ಮಹಡಿ ಜಾಸ್ತಿ. ಮೈಸೂರಿನ ಹಳೇ ಪೇಟೆಗೆ ನಡೆಯುತ್ತದೆ, ಬೆಂಗಳೂರಿನ ಟವರುಗಳಿಗೆ ನಡೆಯುವುದಿಲ್ಲ.

ಕ್ಯೂಜಿಐಎಸ್‌ನಲ್ಲಿ ಫೀಲ್ಡ್ ಕ್ಯಾಲ್ಕುಲೇಟರ್ ತೆಗೆದು `h` ಅನ್ನುವ ದಶಮಾಂಶ ಫೀಲ್ಡ್ ಮಾಡಿ:

```
coalesce(
  try(to_real("height")),
  try(to_real("building:levels")) * 3.2 + 1.5
)
```

`try` ಬಿಡಬೇಡಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಎಲ್ಲವೂ ಅಕ್ಷರವಾಗಿಯೇ ಇರುತ್ತದೆ. ಒಬ್ಬರು `12` ಅಂತ ಬರೆದಿರುತ್ತಾರೆ, ಇನ್ನೊಬ್ಬರು `12 m`, ಮತ್ತೊಬ್ಬರು `40'`. ಕೆಲವರು ಇವುಗಳಿಂದ ಬರೀ ಅಂಕಿ ಹೆಕ್ಕುವ ಸೂತ್ರ ಬರೆಯುತ್ತಾರೆ. ನನಗೆ ಅದು ಇಷ್ಟವಿಲ್ಲ, ಯಾಕೆಂದರೆ 40 ಅಡಿ ಸದ್ದಿಲ್ಲದೆ 40 ಮೀಟರ್ ಆಗಿಬಿಡುತ್ತದೆ. ಅರ್ಥವಾಗದ ಬೆಲೆ ಖಾಲಿಯಾಗಿ ಹೋಗಿ ಮಹಡಿಯ ಲೆಕ್ಕಕ್ಕೆ ಬೀಳಲಿ. ಆಮೇಲೆ ಕೈಯಿಂದ ತಿದ್ದಿದರಾಯಿತು.

ಕೊನೆಗೆ 5 ಅಥವಾ 6 ಅಂತ ತುಂಬಬೇಡಿ. `h` ಖಾಲಿಯೇ ಇರಲಿ. ಪಕ್ಕದಲ್ಲಿ `src` ಅಂತ ಇನ್ನೊಂದು ಫೀಲ್ಡ್ ಇಟ್ಟು ಎತ್ತರ ಎಲ್ಲಿಂದ ಬಂತು ಅಂತ ಬರೆಯಿರಿ.

ಕುಡ್ಲದ_ವಿನಯ್

ಸಹನಾ ಅವರ ಪ್ರಶ್ನೆಗೆ ಅಡ್ಡ ಬರುತ್ತಿದ್ದೇನೆ, ಕ್ಷಮಿಸಿ. ಮಂಗಳೂರಿನಲ್ಲಿ ನನ್ನ ಗೋಳು ಬೇರೆ. ಎತ್ತರ ಎಲ್ಲಾ ಸರಿ ಇದೆ, ನಮ್ಮ ಬಡಾವಣೆಯ ಮನೆಗಳನ್ನು ನಾನೇ ಎಣಿಸಿದ್ದು. ಆದರೆ ಕ್ಯೂಜಿಐಎಸ್ 3ಡಿಯಲ್ಲಿ ಗುಡ್ಡದ ಮೇಲೆ ಇಟ್ಟ ಕೂಡಲೇ ತಾರಸಿಗಳು ಇಳಿಜಾರಾಗಿ ಬಗ್ಗುತ್ತವೆ. ನೆಲ ಹೇಗಿದೆಯೋ ತಾರಸಿಯೂ ಹಾಗೇ. ನೆಲಕ್ಕೆ ಕೋಪರ್ನಿಕಸ್ 30 ಮೀಟರ್ ಮಾದರಿ ಬಳಸಿದ್ದೇನೆ.

ನಕ್ಷೆ_ಶಶಿ

ವಿನಯ್, 3ಡಿ ಸ್ಟೈಲಿನಲ್ಲಿ `Altitude binding` ಅಂತ ಇದೆ. `Vertex` ಇದ್ದರೆ ಪ್ರತಿ ಮೂಲೆಯೂ ತನ್ನ ಕೆಳಗಿನ ನೆಲದಿಂದ ಏಳುತ್ತದೆ, ಅದಕ್ಕೇ ತಾರಸಿ ಬಗ್ಗುವುದು. `Centroid` ಮಾಡಿ. ತಾರಸಿ ಮಟ್ಟವಾಗುತ್ತದೆ, ಆದರೆ ಇಳಿಜಾರಿನ ಕೆಳಗಿನ ಮೂಲೆ ಗಾಳಿಯಲ್ಲಿ ತೇಲುತ್ತದೆ. ಅದಕ್ಕೆ `Height` ಅನ್ನು −3 ಮಾಡಿ, ಎಕ್ಸ್‌ಟ್ರೂಷನ್ನಿಗೆ ಅದೇ 3 ಸೇರಿಸಿ. ಮನೆ ಮೂರು ಮೀಟರ್ ನೆಲದೊಳಗಿಂದ ಶುರುವಾಗುತ್ತದೆ, ತಾರಸಿ ಅದೇ ಜಾಗದಲ್ಲಿ ಉಳಿಯುತ್ತದೆ.

ಆದರೆ ನಿಮ್ಮ ನೆಲದಲ್ಲೇ ಇನ್ನೊಂದು ಸಮಸ್ಯೆ ಇದೆ. ಕೋಪರ್ನಿಕಸ್ ಮಾದರಿ ಬರಿಯ ನೆಲದ್ದಲ್ಲ, ಮೇಲ್ಮೈಯದ್ದು. ದಟ್ಟ ಪೇಟೆಯಲ್ಲಿ ಕಟ್ಟಡಗಳ ಎತ್ತರ, ನಿಮ್ಮ ಕಡೆ ತೆಂಗಿನ ತೋಟದ ಎತ್ತರ, ಎರಡೂ ಸ್ವಲ್ಪ ಮಟ್ಟಿಗೆ ಅದರೊಳಗೇ ಇರುತ್ತವೆ. ಅದರ ಮೇಲೆ ನೀವು ಮತ್ತೆ ಕಟ್ಟಡ ನಿಲ್ಲಿಸಿದರೆ ಎತ್ತರ ಎರಡು ಸಲ ಎಣಿಸಿದಂತೆ. ಪತ್ತೆ ಮಾಡುವುದು ಸುಲಭ: ಕಟ್ಟಡಗಳನ್ನು ಮರೆಮಾಡಿ ಬರೀ ನೆಲ ನೋಡಿ. ಪೇಟೆ ಇರುವ ಕಡೆ ದಿಬ್ಬ, ಮೈದಾನ ಇರುವ ಕಡೆ ತಗ್ಗು ಕಂಡರೆ ಅದೇ. ಕಟ್ಟಡ, ಮರ ತೆಗೆದು ತಯಾರಿಸಿದ ಫ್ಯಾಬ್‌ಡೆಮ್ ಅಂತ ಒಂದಿದೆ, ಅದನ್ನು ಹಾಕಿ ನೋಡಿ.

ಮೈಸೂರಿನ ಪೇಟೆಗೆ ಇದೆಲ್ಲ ಬೇಡ ಸಹನಾ. ಚಾಮುಂಡಿ ಬೆಟ್ಟ ಸೇರಿಸದಿದ್ದರೆ ಚಪ್ಪಟೆ ನೆಲ ಸಾಕು.

ಸಹನಾ_ಮೈಸೂರು

ಡೇಟಾ ತೆಗೆದೆ, ಸೂತ್ರ ಹಾಕಿದೆ. `h` ಬಹಳಷ್ಟು ಕಡೆ ಖಾಲಿ, ನಿರೀಕ್ಷಿಸಿದ್ದೇ. ಆದರೆ ಮಧ್ಯೆ ಒಂದು ವಿಚಿತ್ರ ಆಯಿತು. ಗೆಳತಿಯೊಬ್ಬಳು ಅದೇ ಜಿಯೋಜೇಸನ್ ಫೈಲನ್ನು ಬ್ಲೆಂಡರಿಗೆ ತಾನೇ ಬರೆದ ಸ್ಕ್ರಿಪ್ಟಿನಲ್ಲಿ ಹಾಕಿದಳು. ಪ್ರತಿ ಮನೆಯೂ ಆಕಾಶಕ್ಕೆ ಹೋಗುವ ಸೂಜಿ. ನನ್ನ ಬ್ರೌಸರಿನಲ್ಲಿ ಸರಿ ಇದೆ. ಎತ್ತರದ ಅಂಕಿ ಎರಡೂ ಕಡೆ ಒಂದೇ.

ಗುರು_ಗ್ರಾಫಿಕ್ಸ್

ಇದು ನನಗೆ ಗೊತ್ತು! ಫೈಲಿನಲ್ಲಿ ಉದ್ದ ಅಗಲ ಡಿಗ್ರಿಯಲ್ಲಿವೆ, ಎತ್ತರ ಮೀಟರಿನಲ್ಲಿ. 30×40 ಸೈಟು ಅಂದರೆ 9 ಮೀಟರಿಗೆ 12 ಮೀಟರ್. ಡಿಗ್ರಿಯಲ್ಲಿ ಅದು 0.0001ರ ಆಸುಪಾಸು. ಅದರ ಮೇಲೆ 11 ಎತ್ತರ ಕೊಟ್ಟರೆ ಸೂಜಿಯಲ್ಲದೆ ಇನ್ನೇನು. ಮ್ಯಾಪ್‌ಲಿಬ್ರೆ ಇದನ್ನು ತಾನೇ ಸರಿಮಾಡಿಕೊಳ್ಳುತ್ತದೆ, ಬ್ಲೆಂಡರಿಗೆ ಡಿಗ್ರಿ ಅಂದರೆ ಏನೂ ಗೊತ್ತಿಲ್ಲ. ಕ್ಯೂಜಿಐಎಸ್‌ನಿಂದ EPSG:32643ಗೆ ರೀಪ್ರೊಜೆಕ್ಟ್ ಮಾಡಿ ಕಳಿಸಿ. ಮೈಸೂರು, ಬೆಂಗಳೂರು ಎರಡೂ ಅದರಲ್ಲೇ ಬರುತ್ತವೆ.

ನಕ್ಷೆ_ಶಶಿ

ಗುರು ಅವರು ಹೇಳಿದ್ದು ಸರಿಯಾಗಿದೆ. ಒಂದೇ ಒಂದು ಸೇರಿಸುತ್ತೇನೆ: ರೀಪ್ರೊಜೆಕ್ಟ್ ಆದಮೇಲೆ ಅಂಕಿಗಳು ಲಕ್ಷಗಳಲ್ಲಿ ಇರುತ್ತವೆ. ಬ್ಲೆಂಡರಿಗೆ ಅಷ್ಟು ದೊಡ್ಡ ಅಂಕಿ ಕೊಟ್ಟರೆ ಗೋಡೆಗಳು ನಡುಗಿದಂತೆ ಕಾಣುತ್ತವೆ. ಅರಮನೆಯ ಹತ್ತಿರದ ಒಂದು ಬಿಂದುವನ್ನು ಎಲ್ಲದರಿಂದ ಕಳೆದು, ಅದನ್ನು ಸೊನ್ನೆ ಮಾಡಿಕೊಳ್ಳಲಿ.

ಡೆಲ್ಫ್ಟ್_ಪ್ರಣತಿ

ನೆದರ್‌ಲ್ಯಾಂಡ್ಸ್‌ನಿಂದ. ಇಲ್ಲಿ ಈ ಕಷ್ಟ ಕಡಿಮೆ, ಯಾಕೆಂದರೆ 3ಡಿಬ್ಯಾಗ್ ಅಂತ ಇಡೀ ದೇಶದ ಕಟ್ಟಡಗಳ ತೆರೆದ ಡೇಟಾ ಇದೆ. ಕಟ್ಟಡದ ಆಕಾರ ಸರ್ಕಾರಿ ದಾಖಲೆಯಿಂದ, ಎತ್ತರ ವಿಮಾನದಿಂದ ಅಳೆದ ಲೇಸರ್ ಬಿಂದುಗಳಿಂದ. ಆದರೆ ಇಲ್ಲೂ ಒಂದು ಪ್ರಶ್ನೆ ಬರುತ್ತದೆ: ಒಂದು ಕಟ್ಟಡದ ಮೇಲೆ ಸಾವಿರಾರು ಬಿಂದು ಬಿದ್ದರೆ ಅದರ ಎತ್ತರ ಯಾವುದು? ಅತಿ ಎತ್ತರದ್ದು ತೆಗೆದುಕೊಂಡರೆ ಚಿಮಣಿ ಬರುತ್ತದೆ. ಅತಿ ತಗ್ಗಿನದು ತೆಗೆದುಕೊಂಡರೆ ಸೂರಿನ ಅಂಚು. ಹಾಗಾಗಿ ಸರಳ ಪೆಟ್ಟಿಗೆಯ ಮಾದರಿಗೆ ಚಾವಣಿ ಬಿಂದುಗಳ 70ನೇ ಪರ್ಸೆಂಟೈಲ್ ಬಳಸುತ್ತಾರೆ. ಮಿಕ್ಕ ಬೆಲೆಗಳನ್ನೂ ಬೇರೆ ಬೇರೆ ಫೀಲ್ಡಿನಲ್ಲಿ ಕೊಟ್ಟಿರುತ್ತಾರೆ, ಬೇಕಾದ್ದು ಆರಿಸಿಕೊಳ್ಳಬಹುದು.

ಸಹನಾ, ಖಾಲಿ ಇರುವವಕ್ಕೆ ಗೂಗಲ್‌ನ ಓಪನ್ ಬಿಲ್ಡಿಂಗ್ಸ್ 2.5ಡಿ ನೋಡಿದ್ದೀರಾ? ಭಾರತಕ್ಕೂ ಇದೆ. 2016ರಿಂದ 2023ರವರೆಗೆ ವರ್ಷಕ್ಕೊಂದರಂತೆ, ಉಪಗ್ರಹ ಚಿತ್ರಗಳಿಂದ ಅಂದಾಜು ಮಾಡಿದ ಎತ್ತರದ ರಾಸ್ಟರ್. ಅರ್ತ್ ಎಂಜಿನ್‌ನಲ್ಲಿ `building_height` ಬ್ಯಾಂಡ್. ನಿಮ್ಮ ಕಟ್ಟಡಗಳ ಮೇಲೆ ಜೋನಲ್ ಸ್ಟ್ಯಾಟಿಸ್ಟಿಕ್ಸ್ ಓಡಿಸಿದರೆ ಎಲ್ಲದಕ್ಕೂ ಒಂದು ಅಂಕಿ ಸಿಗುತ್ತದೆ.

ನಕ್ಷೆ_ಶಶಿ

ಪ್ರಣತಿ ಅವರೇ, ಅದು ಒಳ್ಳೆಯದೇ, ಆದರೆ ಹಳೇ ಪೇಟೆಯಲ್ಲಿ ಎಚ್ಚರ ಬೇಕು. ರಾಸ್ಟರಿನ ಚುಕ್ಕಿ ಅರ್ಧ ಮೀಟರ್, ಆದರೆ ನಿಜವಾದ ಸ್ಪಷ್ಟತೆ ಸುಮಾರು 4 ಮೀಟರ್. ಇಪ್ಪತ್ತಡಿ ಅಗಲದ, ಗೋಡೆಗೆ ಗೋಡೆ ಅಂಟಿದ ಮನೆ ಅಂದರೆ 6 ಮೀಟರ್. ಅದರ ಸರಾಸರಿಯೊಳಗೆ ಪಕ್ಕದ ಮನೆಯೂ ಬರುತ್ತದೆ, ಮುಂದಿನ ರಸ್ತೆಯ ಸೊನ್ನೆಯೂ ಬರುತ್ತದೆ. ಎತ್ತರದ ಮನೆ ಕುಳ್ಳಗೆ, ಕುಳ್ಳ ಮನೆ ಎತ್ತರಕ್ಕೆ, ಎಲ್ಲಾ ಒಂದೇ ಕಡೆ ಸರಿಯುತ್ತವೆ. ಸಹನಾ ಅವರ ಮೊದಲಿನ ಸಮಸ್ಯೆಯೇ ಇನ್ನೊಂದು ರೂಪದಲ್ಲಿ ವಾಪಸ್ ಬರುತ್ತದೆ.

ಬಳಸುವುದಾದರೆ ಸರಾಸರಿ ಬದಲು ಮೀಡಿಯನ್ ತೆಗೆಯಿರಿ, ಕಟ್ಟಡದ ಆಕಾರವನ್ನು ಮೊದಲು ಒಂದು ಮೀಟರ್ ಒಳಕ್ಕೆ ಕುಗ್ಗಿಸಿ. ಮಹಡಿ ಎಣಿಸಿದ ಒಂದಿಪ್ಪತ್ತು ಕಟ್ಟಡಗಳ ಜೊತೆ ಹೋಲಿಸಿ ನೋಡಿ. ವ್ಯತ್ಯಾಸ ಒಂದು ಮಹಡಿಯೊಳಗಿದ್ದರೆ ಇಟ್ಟುಕೊಳ್ಳಿ.

ಡೆಲ್ಫ್ಟ್_ಪ್ರಣತಿ

ಒಪ್ಪುತ್ತೇನೆ, ಆದರೆ ಖಾಲಿ ಬಿಡುವುದಕ್ಕಿಂತ ಅಂದಾಜು ವಾಸಿ ಅಂತ ನನ್ನ ಅಭಿಪ್ರಾಯ. ಊರಿನ ಒಟ್ಟು ಆಕಾರ ಕಾಣಬೇಕಲ್ವಾ?

ಸಹನಾ_ಮೈಸೂರು

ನಾನು ಬೇರೆ ದಾರಿ ಹಿಡಿದೆ. ನಡಿಗೆಯ ರಸ್ತೆಗಳು ಕೆಲವೇ ಇವೆ. ನಾನೂ ಇಬ್ಬರು ಗೆಳೆಯರೂ ನಡೆದುಕೊಂಡು ಹೋಗಿ ಮಹಡಿ ಎಣಿಸಿ ಓಪನ್‌ಸ್ಟ್ರೀಟ್‌ಮ್ಯಾಪ್‌ಗೇ ಸೇರಿಸುತ್ತಿದ್ದೇವೆ. ನೆಲಮಹಡಿ ಸೇರಿಸಿಯೇ, ಶಶಿ ಅವರೇ!

ಈಗ ದೊಡ್ಡ ತಲೆನೋವು ಚರ್ಚಿನದು. 175 ಅಡಿ, ಅಂದರೆ 53 ಮೀಟರ್ ಹಾಕಿದರೆ ಇಡೀ ಚರ್ಚು 53 ಮೀಟರಿನ ಡಬ್ಬಿ. ಅರಮನೆಗೆ 44 ಹಾಕಿದರೂ ಅದೇ ಕಥೆ. ಹಾಕದೆ ಬಿಟ್ಟರೆ ಗೋಪುರವೇ ಇಲ್ಲ.

ನಕ್ಷೆ_ಶಶಿ

ಒಂದು ಆಕಾರಕ್ಕೆ ಒಂದೇ ಎತ್ತರ, ಈ ವಿಧಾನದ ಮಿತಿ ಅದು. ಆಕಾರವನ್ನೇ ತುಂಡು ಮಾಡಬೇಕು. ಚರ್ಚಿನಲ್ಲಿ 175 ಅಡಿ ಇರುವುದು ಮುಂದಿನ ಎರಡು ಗೋಪುರ ಮಾತ್ರ. ಅವುಗಳ ಬುಡಕ್ಕೆ ಎರಡು ಚಿಕ್ಕ ಚೌಕ ಬರೆದು `building:part=yes`, ಹಿಂದಿನ ಉದ್ದನೆಯ ಭಾಗಕ್ಕೆ ಇನ್ನೊಂದು, ಪ್ರತಿಯೊಂದಕ್ಕೂ ತನ್ನ `height`. ಗೋಪುರ ಮೇಲೆ ಹೋದಂತೆ ಸಣ್ಣದಾಗುತ್ತದೆ, ಅದಕ್ಕೆ ಒಂದರ ಮೇಲೊಂದು ಎರಡು ಮೂರು ಚೌಕ. ಮೇಲಿನದು ಎಲ್ಲಿಂದ ಶುರು ಅನ್ನುವುದಕ್ಕೆ `min_height`. ಮೊದಲಿನ ಓವರ್‌ಪಾಸ್ ಸಾಲು ಈ ತುಂಡುಗಳನ್ನು ತರುವುದಿಲ್ಲ, `nwr["building"]` ಬದಲು `nwr[~"^building(:part)?$"~"."]` ಅಂತ ಹಾಕಿ ಮತ್ತೆ ತೆಗೆಯಿರಿ. ಕ್ಯೂಜಿಐಎಸ್‌ನಲ್ಲಿ `min_height` ಅನ್ನು `base` ಅನ್ನುವ ಫೀಲ್ಡಿಗೆ ತನ್ನಿ, ಆಮೇಲೆ:

```
"fill-extrusion-height": ["coalesce", ["get", "h"], 4],
"fill-extrusion-base": ["coalesce", ["get", "base"], 0],
"fill-extrusion-color": ["match", ["get", "src"],
  "height", "#b5651d", "levels", "#d9b38c", "#cccccc"]
```

ಇಲ್ಲಿ `height` ಅಂದರೆ ನೆಲದಿಂದ ತುದಿಗೆ, ಆ ತುಂಡಿನ ಉದ್ದವಲ್ಲ. 30ರಿಂದ 53ರವರೆಗಿನ ತುಂಡಿಗೆ `base` 30, `h` 53. 23 ಅಂತ ಹಾಕಿದರೆ ತುಂಡು ಸರಿಯಾಗಿ ನಿಲ್ಲುವುದಿಲ್ಲ.

ಮತ್ತೆ, ತುಂಡುಗಳು ಬಂದಮೇಲೆ ಹಳೆಯ ಹೊರ ಆಕಾರವನ್ನು ಎತ್ತಬೇಡಿ. ಅದಕ್ಕೂ 53 ಇದ್ದರೆ ತುಂಡುಗಳನ್ನೆಲ್ಲ ನುಂಗಿಬಿಡುತ್ತದೆ, ಏನೂ ಬದಲಾಗಿಲ್ಲ ಅನ್ನಿಸುತ್ತದೆ. ಗೋಡೆಗಳು ಮಿನುಗುತ್ತಿದ್ದರೂ ಇದೇ ಕಾರಣ, ಒಂದೇ ಜಾಗದಲ್ಲಿ ಎರಡು ಗೋಡೆ.

ಫಣಿ_ಸಿವಿಲ್

ಅರಮನೆಯ ಮುಖ್ಯ ಕಟ್ಟಡ ಮೂರು ಅಂತಸ್ತು, ಆದರೆ 3.2 ಲೆಕ್ಕ ಅಲ್ಲಿ ಹಾಕಬೇಡಿ. 1912ರಲ್ಲಿ ಮುಗಿದ ಅರಮನೆಯ ಅಂತಸ್ತು ಮತ್ತು ಕುವೆಂಪುನಗರದ ಮನೆಯ ಮಹಡಿ ಒಂದೇ ಆಗುತ್ತವಾ? ಗೋಪುರದ ತುದಿ 145 ಅಡಿ ಅಂತ ಗೊತ್ತಿದೆ. ನೇರ ಎದುರಿಗೆ ನಿಂತು ಫೋಟೋ ತೆಗೆಯಿರಿ. ಚಿತ್ರದಲ್ಲಿ ನೆಲದಿಂದ ತುದಿಗೆ 1000 ಪಿಕ್ಸೆಲ್, ಪ್ಯಾರಪೆಟ್ಟಿಗೆ 400 ಇದ್ದರೆ, ಪ್ಯಾರಪೆಟ್ಟು 145ರ ಐದರಲ್ಲಿ ಎರಡು ಪಾಲು, 58 ಅಡಿ.

ನಕ್ಷೆ_ಶಶಿ

ಚೆನ್ನಾಗಿದೆ ಸರ್. ಆದರೆ ಗೋಪುರ ಮುಂದಿನ ಗೋಡೆಗಿಂತ ಹಿಂದಿದ್ದರೆ ಫೋಟೋದಲ್ಲಿ ಚಿಕ್ಕದಾಗಿ ಕಾಣುತ್ತದೆ. ನೂರು ಮೀಟರ್ ದೂರ ನಿಂತು, ಗೋಪುರ ಇನ್ನು 15 ಮೀಟರ್ ಹಿಂದಿದ್ದರೆ, ಅದು ಸುಮಾರು ನೂರಕ್ಕೆ 13ರಷ್ಟು ಕುಗ್ಗಿರುತ್ತದೆ. ಆಗ ಮುಂದಿನ ಗೋಡೆ ಇರುವುದಕ್ಕಿಂತ ಎತ್ತರ ಅಂತ ಲೆಕ್ಕ ಬರುತ್ತದೆ. ಆದಷ್ಟು ದೂರ ಹೋಗಿ ಜೂಮ್ ಮಾಡಿ ತೆಗೆಯುವುದು ವಾಸಿ.

ಸಹನಾ_ಮೈಸೂರು

ಹೊರ ಆಕಾರ ತೆಗೆದ ಕೂಡಲೇ ಚರ್ಚಿನ ಎರಡು ಗೋಪುರ ಕಂಡವು. ದೊಡ್ಡ ಗಡಿಯಾರಕ್ಕೆ 75 ಅಡಿ, 22.9 ಹಾಕಿದೆ, ಅದು ಚೌಕ ಕಂಬವಾದ್ದರಿಂದ ಒಂದೇ ತುಂಡಿನಲ್ಲಿ ಸರಿಹೋಯಿತು. ಅರಮನೆಯ ನಡುವಿನ ಅಂಗಳವೂ ತೆರೆದುಕೊಂಡಿದೆ, ಮೊದಲು ಗಟ್ಟಿ ಇಟ್ಟಿಗೆಯಂತಿತ್ತು. ಗುಮ್ಮಟಗಳು ಮಾತ್ರ ಪೆಟ್ಟಿಗೆಗಳೇ.

ಗುರು_ಗ್ರಾಫಿಕ್ಸ್

ಗುಮ್ಮಟಕ್ಕೆ ಬಫರ್ ಹಾಕಿ ನಾಲ್ಕೈದು ವೃತ್ತ ಒಂದರ ಮೇಲೊಂದು ಜೋಡಿಸಿ, ದೂರದಿಂದ ದುಂಡಗೇ ಕಾಣುತ್ತದೆ. ಆದರೆ ಆ ಬೂದು ಬಣ್ಣದ ಮನೆಗಳನ್ನು ದಯವಿಟ್ಟು ತೆಗೆಯಿರಿ. ನಡಿಗೆಗೆ ಬಂದವರು ಯಾಕೆ ಅರ್ಧ ಊರಿಗೆ ಬಣ್ಣವೇ ಇಲ್ಲ ಅಂತ ಕೇಳುತ್ತಾರೆ. ಎಲ್ಲಾ ಒಂದೇ ಬಣ್ಣ ಮಾಡಿ.

ನಕ್ಷೆ_ಶಶಿ

ಕೇಳಲಿ ಬಿಡಿ. 4 ಮೀಟರ್ ನಾವು ಹಾಕಿದ್ದು, ಅಳೆದದ್ದಲ್ಲ. ಒಂದೇ ಬಣ್ಣ ಮಾಡಿದರೆ ಅದು ಅಳೆದದ್ದರ ಜೊತೆ ಬೆರೆತುಹೋಗುತ್ತದೆ.

ಡೆಲ್ಫ್ಟ್_ಪ್ರಣತಿ

ಫೋನಿನಲ್ಲಿ ನೋಡುವವರಿಗೆ ಗುರು ಹೇಳಿದ್ದೇ ಸರಿ ಅನ್ನಿಸುತ್ತದೆ ನನಗೆ. ಬೇಕಾದರೆ ಮನೆ ಮುಟ್ಟಿದಾಗ "ಎತ್ತರ ಅಂದಾಜು" ಅಂತ ತೋರಿಸಿ.

ಕುಡ್ಲದ_ವಿನಯ್

ಫ್ಯಾಬ್‌ಡೆಮ್ ಹಾಕಿದೆ. ಪೇಟೆಯ ದಿಬ್ಬ ಇಳಿಯಿತು. ಆದರೆ ತಡೆಗೋಡೆ ಕಟ್ಟಿ ಮಟ್ಟ ಮಾಡಿದ ಸೈಟುಗಳು 30 ಮೀಟರ್ ಚುಕ್ಕಿಯಲ್ಲಿ ಬರುವುದೇ ಇಲ್ಲ. ನಮ್ಮ ಮನೆ ರಸ್ತೆಗಿಂತ ಒಂದಾಳು ಎತ್ತರದಲ್ಲಿದೆ, ನಕ್ಷೆಯಲ್ಲಿ ರಸ್ತೆಯ ಮಟ್ಟಕ್ಕೇ ಇಳಿದಿದೆ. ಇದಕ್ಕೆ ಕೈಯಿಂದ ಅಳೆಯುವುದು ಬಿಟ್ಟು ಬೇರೆ ಯಾರಾದರೂ ಏನಾದರೂ ಮಾಡಿದ್ದೀರಾ?